ಏರುವ ರೇಖೆ, ಇಳಿಯುವ ರೇಖೆ

ವಿಕಿರಣಶೀಲ ವಸ್ತುವಿನ ಅರ್ಧಾಯು ಎಂದರೇನೆಂಬುದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಬೋಧಿಸುತ್ತೇನೆ. ಕರಿಹಲಗೆಯ ಮೇಲೆ ಇಳಿಯುವ ರೇಖೆಯೊಂದನ್ನು ಎಳೆದು, ಒಂದು ಅರ್ಧಾಯು ಕಳೆದರೆ ಅರ್ಧ, ಎರಡು ಕಳೆದರೆ ಕಾಲು, ಮೂರು ಕಳೆದರೆ ಅರೆಕಾಲು ಉಳಿಯುವುದೆಂದು ಹೇಳಿ ಕೈಯ ಸುಣ್ಣದ ಪುಡಿಯನ್ನು ಝಾಡಿಸಿಕೊಂಡು ಮನೆಗೆ ಬರುತ್ತೇನೆ. ಆ ರೇಖೆಯೇ ನನ್ನ ಹಿಂದೆ ಮಟ್ಟುವಿನ ಮನೆಯವರೆಗೆ ಬಂದು, ನಮ್ಮಿಬ್ಬರ ಹದಿನಾಲ್ಕು ದಿನಗಳ ಮೇಲೆ ಹರಡಿಕೊಂಡೀತೆಂದು ನಾನು ಎಣಿಸಿರಲಿಲ್ಲ. ಆ ಹದಿನಾಲ್ಕು ದಿನಗಳ ಕಥೆಯನ್ನು ವಿದ್ಯಾರ್ಥಿಮಿತ್ರರ ಮುಂದಿಡಲು ನನ್ನ ಪತ್ನಿಯ ಒಪ್ಪಿಗೆಯುಂಟು.

ಮಟ್ಟು ಉಡುಪಿಗೆ ದಕ್ಷಿಣದಲ್ಲಿ, ಕಟಪಾಡಿಯಿಂದ ಪಶ್ಚಿಮಕ್ಕೆ, ಕಡಲು ಮತ್ತು ಹೊಳೆಗಳ ನಡುವಣ ಊರು. ಇಲ್ಲಿಯ ಗುಳ್ಳ, ಎಂದರೆ ತಿಳಿಹಸುರು ಬಣ್ಣದ ದುಂಡು ಬದನೆ, ಕರಾವಳಿಯಲ್ಲೆಲ್ಲ ಹೆಸರುವಾಸಿ. ಮಳೆಗಾಲದ ಭತ್ತ ಕೊಯ್ದ ಗದ್ದೆಗಳಲ್ಲಿ ಅದನ್ನು ಬೆಳೆಯುತ್ತಾರೆ. ನಮ್ಮದೂ ಸ್ವಲ್ಪ ಗದ್ದೆಯುಂಟು. ಅದನ್ನು ನೋಡಿಕೊಳ್ಳುವವರು ನನ್ನ ತಾಯಿ. ನನ್ನ ಪತ್ನಿ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ನನಗೆ 37 ವರ್ಷ, ಅವಳಿಗೆ 34. ಮದುವೆಯಾಗಿ ಒಂಬತ್ತು ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಅಂಡಾಶಯದಿಂದ ಅಂಡಾಣುವನ್ನು ಗರ್ಭಾಶಯಕ್ಕೆ ಒಯ್ಯುವ ನಾಳಗಳೆರಡೂ ಮುಚ್ಚಿಕೊಂಡಿವೆಯೆಂದು ಪರೀಕ್ಷೆಗಳಿಂದ ತಿಳಿದುಬಂತು. ನಾಳದಲ್ಲಿ ನಡೆಯಬೇಕಾದ ಅಂಡಾಣು-ವೀರ್ಯಾಣುಗಳ ಸಂಗಮವನ್ನು ಹೊರಗೆ ಗಾಜಿನ ಪಾತ್ರೆಯಲ್ಲಿ ನಡೆಸಿ, ಹುಟ್ಟಿದ ಭ್ರೂಣವನ್ನು ಒಳಗಿಡುವ ಉಪಾಯವೊಂದೇ ನಮಗೆ ಉಳಿದಿತ್ತು. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಎಂಬ ಶಿಶುವೂ, ಅದೇ ವರ್ಷದ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ‘ದುರ್ಗಾ’ ಎಂದು ಕರೆಯಲ್ಪಟ್ಟ ಶಿಶುವೂ ಜನಿಸಿದುದು ಈ ಉಪಾಯದಿಂದಲೇ.

ಕಥೆಯನ್ನು ಒಂದು ಸೋಮವಾರದ ರಾತ್ರಿಯಿಂದ ಆರಂಭಿಸಬೇಕು. ಹತ್ತು ಹನ್ನೆರಡು ದಿನಗಳ ಚುಚ್ಚುಮದ್ದುಗಳಿಂದ ಅಂಡಾಶಯದಲ್ಲಿ ಹಲವು ಅಂಡಾಣುಗಳು ಬಲಿಯುತ್ತಿದ್ದುವು. ಅವನ್ನು ಕೊನೆಯ ಹಂತಕ್ಕೆ ಪಕ್ವಗೊಳಿಸಲು ಅಂದು ರಾತ್ರಿ ಒಂಬತ್ತು ಗಂಟೆಗೆ ಎಚ್.ಸಿ.ಜಿ. ಎಂಬ ಹಾರ್ಮೋನಿನ 10,000 ಯೂನಿಟ್‌ಗಳನ್ನು ಒಂದೇ ಸೂಜಿಯಲ್ಲಿ ಕೊಟ್ಟರು. ಅದಾಗಿ ಸರಿಯಾಗಿ ಮೂವತ್ತಾರು ಗಂಟೆಗಳಿಗೆ, ಬುಧವಾರ ಬೆಳಗ್ಗೆ ಮಣಿಪಾಲದಲ್ಲಿ ಒಂಬತ್ತು ಅಂಡಾಣುಗಳನ್ನು ಹೊರತೆಗೆದರು. ಆರು ಫಲಿತವಾದುವು. ಐದು ದಿನಗಳ ಕಾಲ ಪೋಷಕ ದ್ರವದಲ್ಲಿ ಬೆಳೆದ ಮೇಲೆ ಮೂರು ಉಳಿದುವು. ಎರಡನ್ನು ಶೀತಲೀಕರಿಸಿ ಇಟ್ಟು, ಒಂದನ್ನು ಮುಂದಿನ ಸೋಮವಾರ ಗರ್ಭಾಶಯದೊಳಗೆ ಸೇರಿಸಿದರು.

ಆ ಕಾರ್ಯ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಮೆತ್ತನೆಯ ಸಣ್ಣ ಕೊಳವೆಯ ತುದಿಯಲ್ಲಿ ಒಂದು ಹನಿಗಿಂತಲೂ ಕಡಮೆ ದ್ರವ, ಅದರಲ್ಲಿ ಭ್ರೂಣ. ಶ್ರವಣಾತೀತ ತರಂಗಗಳ ಯಂತ್ರದ ತೆರೆಯ ಮೇಲೆ ಬೆಳ್ಳನೆಯ ಚುಕ್ಕೆಯೊಂದು ಮಿನುಗಿತು. “ಅದೇ ಏನು?” ಎಂದು ನನ್ನ ಪತ್ನಿ ಕೇಳಿದಳು. ವೈದ್ಯರು ನಕ್ಕು, “ಅದು ಜೊತೆಗೆ ಬಿಟ್ಟ ಗಾಳಿಯ ಗುಳ್ಳೆ. ಭ್ರೂಣ ಅದರ ಬಳಿಯಲ್ಲಿದೆ” ಎಂದರು. ಮಿಲಿಮೀಟರಿನ ಐದನೆಯ ಒಂದು ಪಾಲನ್ನೂ ಮೀರದ ಆ ಜೀವ ಯಂತ್ರಕ್ಕೆ ಕಾಣದು. ದ್ರವ ಮತ್ತು ಗಾಳಿಗಳ ಗಡಿಯಲ್ಲಿ ಶಬ್ದತರಂಗಗಳು ಬಲವಾಗಿ ಪ್ರತಿಫಲಿಸುವುದರಿಂದ ಗುಳ್ಳೆ ಮಾತ್ರ ಕಾಣುತ್ತದೆ. ಹದಿನಾಲ್ಕು ದಿನಗಳಾದ ಮೇಲೆ ರಕ್ತಪರೀಕ್ಷೆಗೆ ಬರಬೇಕೆಂದೂ, ಅಲ್ಲಿಯವರೆಗೆ ಮನೆಯಲ್ಲಿ ಯಾವ ಪರೀಕ್ಷೆಯನ್ನೂ ಮಾಡಿಕೊಳ್ಳಬಾರದೆಂದೂ ಹೇಳಿ ನಮ್ಮನ್ನು ಕಳುಹಿಸಿದರು.

ಮನೆಗೆ ಬಂದೊಡನೆ ತಾಯಿ ಹಾಸಿಗೆ ಹಾಸಿಟ್ಟಿದ್ದರು. “ಹದಿನೈದು ದಿವಸ ನೀನು ಏಳಕೂಡದು ಮಗಳೇ. ಇಟ್ಟದ್ದು ಜಾರಿಬಿಟ್ಟರೆ?” ಎಂದರು. ಇದು ಬಹು ಜನರಲ್ಲಿರುವ ಭಯ. ಗರ್ಭಾಶಯವನ್ನು ನಾವು ಖಾಲಿ ಕೊಡದಂತೆ ಭಾವಿಸುತ್ತೇವೆ. ಆದುದರಿಂದಲೇ ಒಳಗಿಟ್ಟದ್ದು ಉರುಳಿ ಬಿದ್ದೀತೆಂಬ ಅಂಜಿಕೆ. ನಿಜದಲ್ಲಿ ಅದರ ಮುಂಗೋಡೆ ಹಿಂಗೋಡೆಗಳು, ಮುಚ್ಚಿದ ಪುಸ್ತಕದ ಎರಡು ಹಾಳೆಗಳಂತೆ ಒಂದಕ್ಕೊಂದು ತಾಗಿಕೊಂಡಿವೆ. ನಡುವೆ ಇರುವುದು ಅಂಟಾದ ದ್ರವದ ತೆಳುಪದರ. ಅಷ್ಟು ಕಿರಿದಾದ ವಸ್ತುವಿನ ಮೇಲೆ ಗುರುತ್ವಾಕರ್ಷಣೆಗಿಂತ ದ್ರವದ ಸ್ನಿಗ್ಧತೆ ಮತ್ತು ಅಂಟುಗಳ ಹಿಡಿತವೇ ಹೆಚ್ಚು. ಒದ್ದೆಯಾದ ಎರಡು ಗಾಜಿನ ಪಟ್ಟಿಗಳ ನಡುವೆ ಸಿಕ್ಕಿದ ಮರಳಿನ ಕಣವನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿರಬಹುದು; ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿದರೂ ಕಣ ಬೀಳುವುದಿಲ್ಲ. ಹಾಸಿಗೆಯಲ್ಲಿ ಮಲಗಿದ್ದವರನ್ನೂ ಒಡನೆ ಎದ್ದು ನಡೆದವರನ್ನೂ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಮಲಗುವುದರಿಂದ ಲಾಭವೇನೂ ಕಂಡುಬಂದಿಲ್ಲ. ಇದನ್ನೆಲ್ಲ ಕೇಳಿದ ತಾಯಿ, “ನಿನ್ನ ಗಾಜಿನ ಪಟ್ಟಿ ನಿನ್ನ ಕಾಲೇಜಿನಲ್ಲಿರಲಿ” ಎಂದು ಒಳಗೆ ಹೋದರು. ನನ್ನ ಪತ್ನಿ ಒಂದು ದಿನ ಅವರ ಮನಸ್ಸಿಗಾಗಿ ಮಲಗಿ, ಮರುದಿನ ಎದ್ದು ಗದ್ದೆಯ ಬದಿಯವರೆಗೆ ನಡೆದು ಬಂದಳು.

ಬುಧವಾರ ಬೆಳಗ್ಗೆ, ಭ್ರೂಣವನ್ನಿಟ್ಟು ಇನ್ನೂ ಎರಡು ದಿನ ತುಂಬುವ ಮೊದಲೇ, ಅವಳು ನನ್ನನ್ನು ಎಬ್ಬಿಸಿದಳು. ಕೈಯಲ್ಲಿ ಔಷಧದಂಗಡಿಯಿಂದ ತಂದ ಮೂತ್ರಪರೀಕ್ಷೆಯ ಪಟ್ಟಿ. ಒಂದು ಗೆರೆ ಸ್ಪಷ್ಟವಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಕಂಡೂ ಕಾಣದಂತೆ.

“ನಿಮ್ಮ ಕಣ್ಣಿಗೆ ಕಾಣುತ್ತದೆಯೇ, ನನಗೆ ಮಾತ್ರವೇ?”

“ಕಾಣುತ್ತದೆ” ಎಂದೆ. ಅವಳ ಕಣ್ಣು ತುಂಬಿತು. ಒಂಬತ್ತು ವರ್ಷಗಳಲ್ಲಿ ಎರಡನೆಯ ಗೆರೆಯನ್ನು ಅವಳು ಕಂಡುದು ಅದೇ ಮೊದಲು. ಬೆಳಗಿನ ಕಾಫಿ ಕುಡಿಯುವವರೆಗೆ ನಾನೂ ಆ ಸಂತೋಷದಲ್ಲಿದ್ದೆ. ಬಳಿಕ ನನ್ನ ವೃತ್ತಿಯ ಅಭ್ಯಾಸ ಎಚ್ಚತ್ತುಕೊಂಡಿತು. ಈ ಪಟ್ಟಿ ಗುರುತಿಸುವುದು ಯಾವುದನ್ನು? ಎಚ್.ಸಿ.ಜಿ.ಯನ್ನು. ಭ್ರೂಣ ಗರ್ಭಾಶಯದ ಗೋಡೆಗೆ ನಾಟಿಕೊಂಡಾಗ ಅದರ ಹೊರಪದರ ಸ್ರವಿಸುವುದು ಈ ಹಾರ್ಮೋನನ್ನೇ. ಆದರೆ ಕಳೆದ ವಾರ ಸೂಜಿಯ ಮೂಲಕ ಅವಳ ಮೈಗೆ ಹಾಕಿದ್ದೂ ಇದನ್ನೇ ಅಲ್ಲವೇ? ಗೆರೆಯನ್ನು ಮೂಡಿಸಿದುದು ಭ್ರೂಣವೋ, ಸೂಜಿಯೋ?

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ರಕ್ತದ ಎಚ್.ಸಿ.ಜಿ.ಯನ್ನು, ಒಂದು ಮಿಲಿಲೀಟರಿನಲ್ಲಿ ಒಂದು ಅಂತರರಾಷ್ಟ್ರೀಯ ಯೂನಿಟ್ಟಿನ ಸಾವಿರ ಪಾಲುಗಳಲ್ಲಿ ಎಷ್ಟು ಪಾಲುಂಟು ಎಂದು ಅಳೆಯುತ್ತಾರೆ. ಆ ಪಾಲನ್ನು ನಾವು ಇಲ್ಲಿ ‘ಅಂಕ’ ಎಂದು ಕರೆಯೋಣ. ಹತ್ತು ಸಾವಿರ ಯೂನಿಟ್‌ಗಳ ಸೂಜಿಯಾದ ಮೇಲೆ ಸುಮಾರು ಒಂದು ದಿನದಲ್ಲಿ ರಕ್ತದಲ್ಲಿ ಅದು ಹೆಚ್ಚುಕಡಮೆ 200 ಅಂಕಗಳಿಗೆ ಏರುತ್ತದೆ. ಅಲ್ಲಿಂದ ಮುಂದೆ ಅದರ ಇಳಿತ ವಿಕಿರಣಶೀಲ ವಸ್ತುವಿನ ಇಳಿತದಂತೆಯೇ. ಅರ್ಧಾಯು ಸುಮಾರು ಒಂದೂವರೆ ದಿನ. ಮಂಗಳವಾರ ರಾತ್ರಿ 200 ಇದ್ದುದು ಗುರುವಾರ ಬೆಳಗ್ಗೆ 100, ಶುಕ್ರವಾರ ರಾತ್ರಿ 50, ಭಾನುವಾರ ಬೆಳಗ್ಗೆ 25, ಸೋಮವಾರ ರಾತ್ರಿ 12, ಬುಧವಾರ ಬೆಳಗ್ಗೆ 6. ಇದು ಸರಾಸರಿಯ ಲೆಕ್ಕ. ಕೆಲವರ ಮೈ ಹಾರ್ಮೋನನ್ನು ನಿಧಾನವಾಗಿ ವಿಸರ್ಜಿಸುತ್ತದೆ. ಅರ್ಧಾಯುವನ್ನು ಎರಡು ದಿನವೆಂದು ಇಟ್ಟುಕೊಂಡರೆ ಅದೇ ಬುಧವಾರ ಬೆಳಗ್ಗೆ 15 ಅಂಕಗಳು ಉಳಿದಿರಬೇಕು. ಪಟ್ಟಿಯ ಮೇಲೆ 25 ಎಂದು ಬರೆದಿದ್ದರೂ, ಅದಕ್ಕಿಂತ ಕಡಮೆಯಲ್ಲಿಯೂ ಮಸುಕು ಗೆರೆ ಮೂಡುವುದುಂಟು. ಬೆಳಗಿನ ಮೂತ್ರ ಗಾಢವಾಗಿರುವುದರಿಂದ ಇದು ಮತ್ತಷ್ಟು ಸಾಧ್ಯ.

ಭ್ರೂಣದ ಕಡೆಯ ಲೆಕ್ಕವೇನು? ಫಲಿತವಾದ ದಿನದಿಂದ ಎಣಿಸಿದರೆ ಆ ಬುಧವಾರ ಅದಕ್ಕೆ ಏಳು ದಿನ. ಐದು ಆರನೆಯ ದಿನಗಳಲ್ಲಿ ಭ್ರೂಣ ತನ್ನ ಸುತ್ತಲಿನ ಪೊರೆಯನ್ನು ಒಡೆದು ಹೊರಬರುತ್ತದೆ. ಅದರ ಮೇಲೆ ಗೋಡೆಗೆ ಅಂಟಿಕೊಂಡು ಒಳಗೆ ಕೊರೆಯಲು ತೊಡಗುತ್ತದೆ. ತಾಯಿಯ ರಕ್ತದಲ್ಲಿ ಅದರ ಹಾರ್ಮೋನು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಎಂಟರಿಂದ ಹತ್ತನೆಯ ದಿನದೊಳಗೆ. ಆದುದರಿಂದ ಬುಧವಾರದ ಗೆರೆ ಭ್ರೂಣದ್ದಲ್ಲ, ಸೂಜಿಯದು.

ಇದನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ಒಂದು ಗಂಟೆ ಯೋಚಿಸಿದೆ. ಕೊನೆಗೆ ಕಾಗದವನ್ನೇ ಅವಳ ಮುಂದಿಟ್ಟೆ. ಲೆಕ್ಕ ಬರೆಯುವವಳಲ್ಲವೇ, ಒಂದೊಂದೇ ಸಾಲನ್ನು ಓದಿ, “ಹಳೆಯ ಬಾಕಿ” ಎಂದಳು. ಅಷ್ಟೇ ಮಾತು.

ಆದರೂ ಶನಿವಾರ ಬೆಳಗ್ಗೆ ಅವಳು ಎರಡನೆಯ ಪಟ್ಟಿಯನ್ನು ಬಳಸಿದಳು. ಈ ಸಲ ಒಂದೇ ಗೆರೆ. ದೀಪದ ಹತ್ತಿರ ಹಿಡಿದರೂ, ಬಿಸಿಲಿಗೆ ಹಿಡಿದರೂ ಒಂದೇ. ಅಂದು ಅವಳು ಯಾರೊಡನೆಯೂ ಮಾತನಾಡಲಿಲ್ಲ. ಸಂಜೆ ಗದ್ದೆಯಿಂದ ಗುಳ್ಳದ ಬುಟ್ಟಿಯನ್ನು ತಾನೇ ಎತ್ತಿಕೊಂಡು ಬಂದಳು. ಇನ್ನು ಕಾಪಾಡಬೇಕಾದುದೇನೂ ಇಲ್ಲವೆಂದು ಅವಳಿಗೆ ಅನ್ನಿಸಿತ್ತೆಂದು ಬಳಿಕ ಹೇಳಿದಳು.

ಬುಧವಾರದ ‘ಹೌದು’ ಹೇಗೆ ಸುಳ್ಳೋ ಶನಿವಾರದ ‘ಇಲ್ಲ’ವೂ ಹಾಗೆಯೇ ಬೆಲೆಯಿಲ್ಲದ್ದು. ಎಲ್ಲವೂ ಸರಿಯಾಗಿ ನಡೆದಿದ್ದರೂ ಅಂದು, ಹತ್ತನೆಯ ದಿನ, ಭ್ರೂಣದ ಹಾರ್ಮೋನು ರಕ್ತದಲ್ಲಿ ನಾಲ್ಕು ಅಂಕಗಳಷ್ಟಿರಬಹುದು. ಈ ಮೊದಲ ದಿನಗಳಲ್ಲಿ ಅದು ಸುಮಾರು ಒಂದೂವರೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹಾಗಾದರೆ ಭಾನುವಾರ ರಾತ್ರಿ 8, ಮಂಗಳವಾರ ಬೆಳಗ್ಗೆ 16, ಬುಧವಾರ ರಾತ್ರಿ 32, ಶುಕ್ರವಾರ ಬೆಳಗ್ಗೆ 64, ಶನಿವಾರ ರಾತ್ರಿ 128, ರಕ್ತಪರೀಕ್ಷೆಯ ಸೋಮವಾರ ಬೆಳಗ್ಗೆ 256. ಪಟ್ಟಿ ನಿಸ್ಸಂದೇಹವಾಗಿ ಗೆರೆ ಮೂಡಿಸಬೇಕಾದರೆ ಬುಧವಾರ ರಾತ್ರಿಯವರೆಗಾದರೂ ಕಾಯಬೇಕು. ನಾಟಿಕೊಳ್ಳುವುದು ಒಂದೆರಡು ದಿನ ತಡವಾದರೆ ಇನ್ನೂ ಮುಂದಕ್ಕೆ.

ಈಗ ಎರಡು ರೇಖೆಗಳನ್ನೂ ಒಂದೇ ನಕ್ಷೆಯ ಮೇಲೆ ಎಳೆದು ನೋಡಿ. ಒಂದು, ಸೂಜಿಯಿಂದ ಬಂದದ್ದು, ಎಡದ ಮೇಲ್ಭಾಗದಿಂದ ಇಳಿಯುತ್ತದೆ. ಇನ್ನೊಂದು, ಭ್ರೂಣದಿಂದ ಬರಬೇಕಾದದ್ದು, ಬಲಕ್ಕೆ ಹೋದಂತೆ ಏರುತ್ತದೆ. ನಡುವೆ ಒಂದು ಕಣಿವೆ. ಕಣಿವೆಯ ಎಡದಂಚಿನಲ್ಲಿ ಪರೀಕ್ಷಿಸಿದವರಿಗೆ ಇಲ್ಲದ್ದು ಕಾಣುತ್ತದೆ. ಕಣಿವೆಯ ತಳದಲ್ಲಿ ಪರೀಕ್ಷಿಸಿದವರಿಗೆ ಇರುವುದೂ ಕಾಣುವುದಿಲ್ಲ. ಎರಡು ವಾರಗಳೆಂಬುದು ವೈದ್ಯರು ಸುಮ್ಮನೆ ವಿಧಿಸಿದ ಶಿಕ್ಷೆಯಲ್ಲ. ಮೊದಲನೆಯ ರೇಖೆ ಪೂರ್ಣವಾಗಿ ಅಡಗಿ, ಎರಡನೆಯದು ಸಂಶಯಕ್ಕೆ ಎಡೆಯಿಲ್ಲದಷ್ಟು ಏರಲು ಬೇಕಾದ ಕಾಲ ಅದು.

ಮೈಯ ಲಕ್ಷಣಗಳನ್ನಾದರೂ ನಂಬಬಹುದೇ? ಎರಡನೆಯ ವಾರದಲ್ಲಿ ಅವಳಿಗೆ ಸ್ತನಗಳಲ್ಲಿ ನೋವು, ಮಧ್ಯಾಹ್ನದಲ್ಲಿ ತಡೆಯಲಾಗದ ನಿದ್ದೆ, ಹೊಟ್ಟೆಯುಬ್ಬರ. “ಇವೆಲ್ಲ ಒಳ್ಳೆಯ ಲಕ್ಷಣ, ನಾನು ಬಲ್ಲೆ” ಎಂದು ತಾಯಿಗೆ ಹಿಗ್ಗು. ಆದರೆ ಗರ್ಭಾಶಯದ ಒಳಪದರವನ್ನು ಕಾಪಾಡಲೆಂದು ಅಂಡಾಣುಗಳನ್ನು ತೆಗೆದ ದಿನದಿಂದ ಅವಳಿಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಕೊಡುತ್ತಿದ್ದರು. ಗರ್ಭಿಣಿಯ ಮೈಯಲ್ಲಿ ಮೊದಲ ದಿನಗಳ ಈ ಲಕ್ಷಣಗಳನ್ನು ಬಹುಪಾಲು ಉಂಟುಮಾಡುವುದೂ ಇದೇ ಹಾರ್ಮೋನು. ಔಷಧ ಸೇವಿಸುವವರೆಗೆ ಮುಟ್ಟು ಕೂಡ ತಡವಾಗಬಹುದು. ಭ್ರೂಣ ನಿಂತಿದ್ದರೂ ನಿಲ್ಲದಿದ್ದರೂ ಲಕ್ಷಣಗಳು ಒಂದೇ ಆಗಿರುವಾಗ ಅವುಗಳಿಂದ ಏನನ್ನೂ ತೀರ್ಮಾನಿಸಲಾಗದು. ಇದನ್ನು ತಾಯಿಗೆ ನಾನು ಹೇಳಲಿಲ್ಲ.

ಸೋಮವಾರ ಬಂತು. ಕಟಪಾಡಿಯವರೆಗೆ ಆಟೋರಿಕ್ಷಾದಲ್ಲಿ ಹೋಗಿ, ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ಮಣಿಪಾಲದ ಗುಡ್ಡ ಏರಿದೆವು. ರಕ್ತ ಕೊಟ್ಟು ಮೂರು ಗಂಟೆಗಳ ಕಾಲ ಕಾದೆವು. ಆ ಪರೀಕ್ಷೆಯ ಹಿಂದೆಯೂ ನನ್ನ ಶಾಸ್ತ್ರಕ್ಕೆ ಸೇರಿದವರೊಬ್ಬರಿದ್ದಾರೆಂದು ಅವಳ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಲು ಹೇಳಿದೆ. ರೊಸಾಲಿನ್ ಯಾಲೊ ಎಂಬ ಅಮೆರಿಕದ ಭೌತಶಾಸ್ತ್ರಜ್ಞೆ, ವೈದ್ಯರಾದ ಬೆರ್ಸನ್ ಅವರೊಡಗೂಡಿ, ರಕ್ತದಲ್ಲಿನ ಅತ್ಯಲ್ಪ ಹಾರ್ಮೋನನ್ನು ವಿಕಿರಣಶೀಲ ಅಯೋಡಿನ್ನಿನ ನೆರವಿನಿಂದ ಅಳೆಯುವ ವಿಧಾನವನ್ನು 1950ರ ದಶಕದ ಕೊನೆಯಲ್ಲಿ ಕಂಡುಹಿಡಿದರು. ಅದಕ್ಕಾಗಿ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂತು. ಎಚ್.ಸಿ.ಜಿ.ಯ ಅಣುವಿನಲ್ಲಿ ಎರಡು ಸರಪಣಿಗಳು. ಒಂದು ಬೇರೆ ಕೆಲವು ಹಾರ್ಮೋನುಗಳಲ್ಲಿಯೂ ಇರುವಂಥದು. ‘ಬೀಟಾ’ ಎಂಬ ಎರಡನೆಯದು ಇದಕ್ಕೆ ವಿಶಿಷ್ಟವಾದುದು. ಈ ಬೀಟಾ ಸರಪಣಿಯನ್ನು ಗುರುತಿಸಿ ಅಳೆಯುವ ಕ್ರಮವನ್ನು ವೈಟುಕೈಟಿಸ್, ಬ್ರಾನ್‌ಸ್ಟೀನ್ ಮತ್ತು ರಾಸ್ ಎಂಬವರು 1972ರಲ್ಲಿ ಪ್ರಕಟಿಸಿದರು. ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ವಿಕಿರಣದ ಬದಲು ಬೆಳಕಿನ ಹೊಮ್ಮುವಿಕೆಯನ್ನು ಅಳೆಯುತ್ತಾರೆ. ಆದರೂ ಪರೀಕ್ಷೆಯನ್ನು ಜನ ಕರೆಯುವುದು ‘ಬೀಟಾ’ ಎಂದೇ.

ಚೀಟಿಯಲ್ಲಿ 46 ಎಂದಿತ್ತು.

ಅವಳು ನನ್ನ ಮುಖ ನೋಡಿದಳು. 46 ಸೊನ್ನೆಯಲ್ಲ; 256ರ ಹತ್ತಿರವೂ ಅಲ್ಲ. ನಾನು ಮೊದಲು ಹಾಕಿದ ಲೆಕ್ಕ ಸೂಜಿಯದು. ಅರ್ಧಾಯುವನ್ನು ಎರಡು ದಿನವೆಂದು ಹಿಡಿದರೂ ಅಷ್ಟರಲ್ಲಿ ಸುಮಾರು ಹತ್ತು ಅರ್ಧಾಯುಗಳು ಕಳೆದಿದ್ದುವು. 200 ಅಂಕಗಳಲ್ಲಿ ಉಳಿದಿರಬಹುದಾದದ್ದು ಒಂದು ಅಂಕದ ಐದನೆಯ ಒಂದು ಪಾಲು. ಆದುದರಿಂದ ಈ 46 ಹಳೆಯ ಬಾಕಿಯಲ್ಲ. ನಮ್ಮ ಭ್ರೂಣ ಗೋಡೆಗೆ ನಾಟಿಕೊಂಡಿತ್ತು.

“ಹಾಗಾದರೆ?” ಎಂದಳು.

ವೈದ್ಯರು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು. ಇಷ್ಟು ಚಿಕ್ಕ ಸಂಖ್ಯೆಗೆ ಮೂರು ಅರ್ಥಗಳಿರಬಹುದು: ಭ್ರೂಣ ತಡವಾಗಿ ನಾಟಿ ಈಗ ಏರುತ್ತಿರಬಹುದು, ನಾಟಿ ಬಳಿಕ ಕುಂದುತ್ತಿರಬಹುದು, ಅಥವಾ ಗರ್ಭಾಶಯ ಬಿಟ್ಟು ನಾಳದಲ್ಲಿ ನೆಲೆಸಿರಬಹುದು, ಅದು ಅಪಾಯಕರ. ಒಂದು ಬಿಂದುವಿನಿಂದ ರೇಖೆಯ ದಿಕ್ಕು ತಿಳಿಯದು. ಎರಡನೆಯ ಬಿಂದು ಬೇಕು. ನಲವತ್ತೆಂಟು ಗಂಟೆಗಳಲ್ಲಿ ಸಂಖ್ಯೆ ಒಂದೂವರೆ ಪಾಲಿನಷ್ಟಾದರೂ ಏರಬೇಕು, ಎಂದರೆ 46 ಇದ್ದುದು 69ರ ಆಸುಪಾಸಿಗಾದರೂ ಬರಬೇಕು. ಏರಿಕೆ ಮಂದವಾದರೆ ನಾಳದ ಸಂಶಯ. ಇಳಿದರೆ ಉತ್ತರ ಸ್ಪಷ್ಟ.

ಹದಿನಾಲ್ಕು ದಿನಗಳಿಗಿಂತ ಆ ಎರಡು ದಿನಗಳು ದೀರ್ಘವಾದುವು. ಮಂಗಳವಾರ ರಾತ್ರಿ ಕಡಲಿನ ಮೊರೆತ ಕೇಳುತ್ತ ಇಬ್ಬರೂ ಎಚ್ಚರವಾಗಿದ್ದೆವು. “ನೀವು ಲೆಕ್ಕ ಹಾಕುತ್ತಿದ್ದೀರಾ?” ಎಂದು ಕತ್ತಲಲ್ಲಿ ಕೇಳಿದಳು. “ಇಲ್ಲ” ಎಂದೆ. ಅದು ಸುಳ್ಳು.

ಬುಧವಾರದ ಚೀಟಿಯಲ್ಲಿ 31.

ಏರಬೇಕಾದ ರೇಖೆ ಇಳಿದಿತ್ತು. ಪ್ರೊಜೆಸ್ಟರಾನನ್ನು ನಿಲ್ಲಿಸಲು ಹೇಳಿದರು. ಸಂಖ್ಯೆ ಪೂರ್ಣವಾಗಿ ಇಳಿಯಿತೆಂದು ಖಚಿತವಾಗುವವರೆಗೆ ಮತ್ತೆ ಮತ್ತೆ ಪರೀಕ್ಷಿಸಬೇಕೆಂದರು, ನಾಳದ ಸಂಶಯ ತೀರಬೇಕಲ್ಲವೇ? ಕೆಲವು ದಿನಗಳಲ್ಲಿ ಮುಟ್ಟಾಯಿತು. ಮುಂದಿನ ವಾರದ ಪರೀಕ್ಷೆಯಲ್ಲಿ 5ಕ್ಕಿಂತ ಕಡಮೆ. ರಾಸಾಯನಿಕ ಪರೀಕ್ಷೆಗೆ ಮಾತ್ರ ಕಂಡು, ಯಂತ್ರದ ತೆರೆಯ ಮೇಲೆ ಕಾಣುವ ಮೊದಲೇ ಮುಗಿಯುವ ಇಂಥ ಗರ್ಭವನ್ನು ಜೀವರಾಸಾಯನಿಕ ಗರ್ಭವೆನ್ನುತ್ತಾರೆ. ಸಹಜವಾಗಿ ಗರ್ಭ ಧರಿಸುವವರಲ್ಲಿಯೂ ಇದು ನಡೆಯುತ್ತದೆ. ಪರೀಕ್ಷಿಸದಿದ್ದರೆ ಮುಟ್ಟು ನಾಲ್ಕು ದಿನ ತಡವಾಯಿತೆಂದು ಮಾತ್ರ ತಿಳಿದಿರುತ್ತಾರೆ.

ಹಿಂದಿರುಗುವ ಬಸ್ಸಿನಲ್ಲಿ ಅವಳು ಬಹಳ ಹೊತ್ತಿನ ಮೇಲೆ ಕೇಳಿದಳು: “ಆ ಶನಿವಾರ ನಾನು ಬುಟ್ಟಿ ಎತ್ತಿದೆನಲ್ಲ, ಅದರಿಂದಲೋ?”

ಈ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರವನ್ನೇ ಹೇಳಿದೆ. ಇಷ್ಟು ಬೇಗ ಕುಂದುವ ಭ್ರೂಣಗಳಲ್ಲಿ ಬಹುಪಾಲಿನ ದೋಷ ವರ್ಣತಂತುಗಳ ಎಣಿಕೆಯಲ್ಲಿರುತ್ತದೆ. ನಲವತ್ತಾರು ಇರಬೇಕಾದಲ್ಲಿ ಒಂದು ಹೆಚ್ಚೋ ಒಂದು ಕಡಮೆಯೋ ಆಗಿರುತ್ತದೆ. ಆ ತಪ್ಪು ಸಾಮಾನ್ಯವಾಗಿ ಅಂಡಾಣು ಪಕ್ವವಾಗುವಾಗಲೇ ಆಗಿಹೋಗಿರುತ್ತದೆ. ತಾಯಿಯ ವಯಸ್ಸು ಏರಿದಂತೆ ಹೆಚ್ಚುತ್ತದೆ. ನಮ್ಮ ಭ್ರೂಣದಲ್ಲಿ ಇದೇ ಆಗಿತ್ತೆಂದು ಪರೀಕ್ಷಿಸದೆ ಹೇಳಲಾಗದು. ಆದರೆ ಗುಳ್ಳದ ಬುಟ್ಟಿಗೆ ವರ್ಣತಂತುಗಳ ಎಣಿಕೆಯನ್ನು ಬದಲಿಸುವ ಶಕ್ತಿಯಿಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮನೆಯಲ್ಲಿ ತಾಯಿ ಏನೂ ಕೇಳದೆ ಅವಳ ಮುಂದೆ ಬಿಸಿ ಗಂಜಿ ಇಟ್ಟರು.

ಉಳಿದ ಎರಡು ಭ್ರೂಣಗಳು ಶೂನ್ಯಕ್ಕಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ, ದ್ರವ ನೈಟ್ರೊಜನ್ನಿನಲ್ಲಿವೆ. ಆ ಶೀತದಲ್ಲಿ ಜೀವಕ್ರಿಯೆಗಳೆಲ್ಲ ನಿಂತಿರುತ್ತವೆ. ಅವುಗಳಿಗೆ ಕಾಯುವುದು ಕಷ್ಟವಲ್ಲ. ಎರಡು ತಿಂಗಳಾದ ಮೇಲೆ ಒಂದು ಸಂಜೆ ನನ್ನ ಪತ್ನಿ ತನ್ನ ಲೆಕ್ಕದ ಪುಸ್ತಕವನ್ನು ತೆರೆದಳು. ಒಂದು ಪುಟದಲ್ಲಿ 46, 31, ‘5ಕ್ಕಿಂತ ಕಡಮೆ’ ಎಂದು ಒಂದರ ಕೆಳಗೊಂದು ಬರೆದಿದ್ದಳು.

“ಶೀತಲೀಕರಿಸಿದ್ದನ್ನು ಇಡುವಾಗ ಆ ಸೂಜಿ ಇರುವುದಿಲ್ಲವಂತೆ, ಹೌದೋ?” ಎಂದು ಕೇಳಿದಳು.

“ಹೌದು. ಅಂಡಾಣುವನ್ನು ಪಕ್ವಗೊಳಿಸಬೇಕಾಗಿಲ್ಲ. ನಿನಗೆ ಔಷಧದಿಂದಲೇ ಗರ್ಭಾಶಯದ ಪದರವನ್ನು ಅಣಿಗೊಳಿಸುತ್ತಾರೆ. ಆದುದರಿಂದ ಸೂಜಿ ಬೇಡ.”

“ಹಾಗಾದರೆ ಹಳೆಯ ಬಾಕಿಯಿಲ್ಲ. ಇಳಿಯುವ ರೇಖೆ ಇಲ್ಲ.”

“ಇಲ್ಲ. ಆದರೆ ಏರುವ ರೇಖೆಗೆ ಬೇಕಾದ ದಿನಗಳು ಅಷ್ಟೇ.”

ಅವಳು ಪುಟದ ಕೆಳಗೆ ಒಂದು ಗೆರೆ ಎಳೆದು ಪುಸ್ತಕವನ್ನು ಮುಚ್ಚಿದಳು. “ಈ ಸಲ ಪಟ್ಟಿ ತರುವುದು ಬೇಡ” ಎಂದಳು.